ಜಾಹೀರಾತು ಇಲ್ಲದ ಕಂಪನಿಗೆ ಇಂಟರ್ನ್‌ಶಿಪ್ ಕೇಳಿ ಬರೆಯುವುದು ಹೇಗೆ?

ಇನ್ನೂರು ಮುನ್ನೂರು ಜನರಿರುವ ಕಂಪನಿಯಲ್ಲಿ ಇಂಟರ್ನ್‌ಗಳನ್ನು ನೋಡಿಕೊಳ್ಳಲೆಂದೇ ಒಂದು ವಿಭಾಗ ಇರುವುದು ಅಪರೂಪ. ಅಲ್ಲಿನ ಎಚ್‌ಆರ್‌ಗೆ ‘ಇಂಟರ್ನ್‌ಶಿಪ್ ಖಾಲಿ ಇದೆಯೇ?’ ಎಂದು ಬರೆದರೆ ‘ಸದ್ಯಕ್ಕೆ ಇಲ್ಲ’ ಎಂಬ ಉತ್ತರ ಬರುತ್ತದೆ. ಅವರು ಹೇಳಿದ್ದು ನಿಜವೇ. ಯಾರೂ ಜಾಗ ತೆರೆದಿಲ್ಲವಾದ್ದರಿಂದ ಖಾಲಿ ಇರುವುದಾದರೂ ಹೇಗೆ? ಆದರೆ ಅದೇ ಕಂಪನಿಯ ಡಿಸೈನ್ ಅಥವಾ ಟೆಸ್ಟಿಂಗ್ ವಿಭಾಗದಲ್ಲಿ, ಕೈ ಸಾಲದೆ ತಿಂಗಳುಗಟ್ಟಲೆ ಬದಿಗಿಟ್ಟ ಒಂದಾದರೂ ಕೆಲಸ ಇರುತ್ತದೆ. ಅಂತಿಮ ವರ್ಷದ ವಿದ್ಯಾರ್ಥಿಯ ಪತ್ರ ತಲುಪಬೇಕಾದದ್ದು ಆ ಕೆಲಸದ ಭಾರ ಹೊತ್ತವರಿಗೆ.

ಹಾಗಾಗಿ ಮೊದಲ ಹೆಜ್ಜೆ, ಆ ವಿಭಾಗದ ಮುಖ್ಯಸ್ಥರು ಯಾರೆಂದು ತಿಳಿಯುವುದು. ಲಿಂಕ್ಡ್‌ಇನ್, ಕಂಪನಿಯವರು ಬರೆದ ತಾಂತ್ರಿಕ ಲೇಖನಗಳು, ಅಲ್ಲಿ ಕೆಲಸಕ್ಕಿರುವ ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ಇಷ್ಟರಲ್ಲಿ ಬಹುತೇಕ ಹೆಸರು ಸಿಗುತ್ತದೆ. ಸಿಗದಿದ್ದರೆ ಕಂಪನಿಯ ಫೋನ್ ನಂಬರಿಗೆ ಕರೆ ಮಾಡಿ, ‘ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಕಳಿಸಬೇಕು, ಯಾವ ವಿಳಾಸಕ್ಕೆ ಕಳಿಸಲಿ?’ ಎಂದು ನೇರವಾಗಿ ಕೇಳಿ. ವಿಳಾಸವನ್ನು ಊಹಿಸಿ ಕಳಿಸಿದಾಗ 550 5.1.1 ಎಂಬ ಸಂಖ್ಯೆಯೊಂದಿಗೆ ಮೇಲ್ ವಾಪಸ್ ಬಂದರೆ ಆ ವಿಳಾಸವೇ ಇಲ್ಲ ಎಂದರ್ಥ. ಮತ್ತೆ ಅದಕ್ಕೇ ಕಳಿಸಿ ಉಪಯೋಗವಿಲ್ಲ.

ಪತ್ರ ಓದುವವರ ತಲೆಯಲ್ಲಿ ಏಳುವ ಪ್ರಶ್ನೆಗಳು ಬೇರೆಯೇ. ಈ ಹುಡುಗಿಯನ್ನೋ ಹುಡುಗನನ್ನೋ ಯಾರು ನೋಡಿಕೊಳ್ಳಬೇಕು? ಎಷ್ಟು ದಿನ? ಕೊಡಬಹುದಾದ ಕೆಲಸವೇನು? ನಮ್ಮ ಡಿಸೈನ್ ಕಾಲೇಜಿನ ರಿಪೋರ್ಟಿನಲ್ಲಿ ಹೊರಗೆ ಹೋದರೆ? ಅಂಕಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ‘ನನಗೆ ಕಲಿಯುವ ಆಸಕ್ತಿ ಇದೆ’ ಎಂಬ ಸಾಲಿನಲ್ಲೂ ಇಲ್ಲ.

ಒಂದು ಉದಾಹರಣೆ ನೋಡೋಣ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ವಿದ್ಯಾರ್ಥಿನಿ ಕೈಗಾರಿಕಾ ತೂಕದ ಯಂತ್ರಗಳನ್ನು ತಯಾರಿಸುವ ಕಂಪನಿಗೆ ಬರೆಯುತ್ತಿದ್ದಾಳೆ ಎನ್ನಿ. ತೂಕ ಅಳೆಯುವ ಸೆನ್ಸರ್ ಆದ ಲೋಡ್ ಸೆಲ್‌ಗೆ, ಅದರ ಸಂಕೇತವನ್ನು ಅಂಕಿಯಾಗಿಸುವ HX711 ಚಿಪ್ ಜೋಡಿಸಿ ತೂಕ ಓದುವುದು ಅವಳ ಕಾಲೇಜು ಪ್ರಾಜೆಕ್ಟ್. ಕೋಣೆ ಬಿಸಿಯಾದಂತೆ ಅದೇ ತೂಕಕ್ಕೆ ರೀಡಿಂಗ್ ಸರಿದುಹೋಗುವುದನ್ನು ಅವಳು ಗಮನಿಸಿದ್ದಾಳೆ. ತೂಕದ ಯಂತ್ರ ಮಾಡುವವರಿಗೆ ಇದು ದಿನನಿತ್ಯದ ತಲೆನೋವು. ಪತ್ರ ಹಿಡಿಯಬೇಕಾದ ಎಳೆ ಅದೇ.

ವಿಷಯದ ಸಾಲು: ‘ಇಂಟರ್ನ್‌ಶಿಪ್ ವಿನಂತಿ: ಲೋಡ್ ಸೆಲ್ ಟೆಸ್ಟಿಂಗ್, 8 ವಾರ, ಜನವರಿ 12ರಿಂದ’. ಪತ್ರ ಹೀಗಿರಬಹುದು:

‘ನಮಸ್ಕಾರ ಸರ್. ನಾನು ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷದ ವಿದ್ಯಾರ್ಥಿನಿ. ನಿಮ್ಮ ಟ್ಯಾಂಕ್ ತೂಕದ ಇಂಡಿಕೇಟರ್‌ನ ಮಾಹಿತಿಪತ್ರದಲ್ಲಿ ತಾಪಮಾನದಿಂದ ಆಗುವ ವ್ಯತ್ಯಾಸದ ಮಿತಿ ಕೊಟ್ಟಿರುವುದನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಪ್ರಾಜೆಕ್ಟಿನಲ್ಲಿ 20 ಕಿಲೋ ಲೋಡ್ ಸೆಲ್ ಮೇಲೆ 5 ಕಿಲೋ ತೂಕವಿಟ್ಟು ಆರು ಗಂಟೆ ದಾಖಲಿಸಿದೆ. ಕೋಣೆಯ ಉಷ್ಣತೆ 24ರಿಂದ 33 ಡಿಗ್ರಿಗೆ ಏರಿದಾಗ ರೀಡಿಂಗ್ 14 ಗ್ರಾಂ ಸರಿಯಿತು. ತಾಪಮಾನ ಸೆನ್ಸರ್ ಸೇರಿಸಿ ಲೆಕ್ಕದಲ್ಲಿ ತಿದ್ದಿದ ಮೇಲೆ ಅದು 4 ಗ್ರಾಂಗೆ ಇಳಿಯಿತು. ಒಂದು ಪುಟದ ಗ್ರಾಫ್ ಲಗತ್ತಿಸಿದ್ದೇನೆ.

ಜನವರಿ 12ರಿಂದ ಮಾರ್ಚ್ 6ರವರೆಗೆ ಪೂರ್ತಿ ದಿನ ಬರಬಲ್ಲೆ. ಟೆಸ್ಟ್ ಡೇಟಾ ದಾಖಲಿಸುವುದು, ಹೋಲಿಸುವುದು, ಟೆಸ್ಟ್ ಜಿಗ್ ಸಿದ್ಧಪಡಿಸುವುದು, ಇಂಥ ಕೆಲಸ ನಿಮ್ಮಲ್ಲಿದ್ದರೆ ಮಾಡುತ್ತೇನೆ. ಕಾಲೇಜಿಗೆ ರಿಪೋರ್ಟ್ ಕೊಡಬೇಕಿದೆ. ಅದನ್ನು ಮೊದಲು ನಿಮಗೆ ತೋರಿಸಿ, ಬೇಡವೆಂದದ್ದನ್ನು ತೆಗೆದೇ ಸಲ್ಲಿಸುತ್ತೇನೆ. ಈ ಬಗ್ಗೆ ಹದಿನೈದು ನಿಮಿಷ ಮಾತಾಡಲು ಸಾಧ್ಯವೇ?’

ಕೆಳಗೆ ಹೆಸರು, ಕಾಲೇಜು, ಫೋನ್ ನಂಬರ್. ಇಷ್ಟೇ ಸಾಕು.

ಇಲ್ಲಿ ಅವಳು ಹೊಸ ಇಂಡಿಕೇಟರ್ ಡಿಸೈನ್ ಮಾಡುತ್ತೇನೆ ಎನ್ನಲಿಲ್ಲ. ಎಂಟು ವಾರಗಳಲ್ಲಿ ಎರಡು ವಾರ ಉಪಕರಣ, ಫೈಲು, ಜನ ಪರಿಚಯವಾಗುವುದರಲ್ಲೇ ಕಳೆಯುತ್ತವೆ. ಗ್ರಾಹಕರಿಗೆ ಹೋಗುವ ಡಿಸೈನನ್ನು ಅಷ್ಟು ಕಡಿಮೆ ಅವಧಿಗೆ ಬಂದವರ ಕೈಗೆ ಯಾರೂ ಕೊಡುವುದಿಲ್ಲ. ಟೆಸ್ಟ್ ಡೇಟಾ ಹಾಗಲ್ಲ. ತಪ್ಪಾದರೆ ಮತ್ತೆ ಅಳೆಯಬಹುದು, ಮುಗಿದರೆ ವಿಭಾಗಕ್ಕೂ ಪ್ರಯೋಜನ. ರಿಪೋರ್ಟ್ ಕುರಿತ ಸಾಲನ್ನು ಹೆಚ್ಚಿನ ವಿದ್ಯಾರ್ಥಿಗಳು ಬರೆಯುವುದೇ ಇಲ್ಲ. ನಮ್ಮ ಪ್ರಕಾರ ಇಡೀ ಪತ್ರದಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ಆ ಸಾಲೇ, ಏಕೆಂದರೆ ಓದುವವರು ಬಾಯಿಬಿಟ್ಟು ಹೇಳದ ಅಳುಕನ್ನು ಅದು ಮೊದಲೇ ನಿವಾರಿಸುತ್ತದೆ. ಇನ್ನು ಸ್ಟೈಪೆಂಡ್ ವಿಚಾರ: ಮೊದಲ ಪತ್ರದಲ್ಲಿ ಬೇಡ, ಕೆಲಸ ಏನೆಂದು ಗೊತ್ತಾದ ಮೇಲೆ ಸಂಕೋಚವಿಲ್ಲದೆ ಕೇಳಿ.

ಮಾಹಿತಿಪತ್ರವನ್ನು ನಿಜವಾಗಿ ಓದಿರಬೇಕು. ಓದದೆ ‘ನಿಮ್ಮ ಉತ್ಪನ್ನಗಳು ನನ್ನನ್ನು ಆಕರ್ಷಿಸಿವೆ’ ಎಂದು ಬರೆದ ಪತ್ರವನ್ನು ಯಾವ ಕಂಪನಿಗೆ ಕಳಿಸಿದರೂ ಹೊಂದುತ್ತದೆ, ಓದುವವರಿಗೂ ಅದು ತಕ್ಷಣ ಗೊತ್ತಾಗುತ್ತದೆ. ಒಂದೇ ಪತ್ರವನ್ನು ಮೂವತ್ತು ಕಡೆ ಕಳಿಸುವಾಗ ಹಿಂದಿನ ಕಂಪನಿಯ ಹೆಸರು ಹಾಗೆಯೇ ಉಳಿದುಬಿಡುವುದೂ ಉಂಟು. ವಾರಕ್ಕೆ ಮೂರು ಕಂಪನಿ ಆರಿಸಿಕೊಂಡು ಪ್ರತಿಯೊಂದಕ್ಕೂ ಬೇರೆ ಪತ್ರ ಬರೆಯುವುದು ಲೇಸು. ಸೇರಬೇಕಾದ ದಿನಕ್ಕೆ ಎಂಟು ಹತ್ತು ವಾರ ಮುಂಚೆ ಶುರು ಮಾಡಿ. ಕಂಪನಿಯೊಳಗೆ ಒಪ್ಪಿಗೆ ಸಿಗಬೇಕು, ಕಾಲೇಜಿನಿಂದ ಪತ್ರ ತರಬೇಕು, ಇವೆರಡಕ್ಕೇ ತಿಂಗಳು ಹಿಡಿಯಬಹುದು.

ಲಗತ್ತು ಎರಡೇ ಇರಲಿ: ಒಂದು ಪುಟದ ರೆಸ್ಯೂಮೆ, ಒಂದು ಪುಟದ ಪ್ರಾಜೆಕ್ಟ್ ಗ್ರಾಫ್. ಎರಡೂ ಪಿಡಿಎಫ್ ಆಗಿರಲಿ, ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರಿರಲಿ. resume_final_2.pdf ಎಂಬ ಫೈಲನ್ನು ಇಳಿಸಿಕೊಂಡವರಿಗೆ ಮರುದಿನ ಅದು ಯಾರದೆಂದು ತಿಳಿಯುವುದಿಲ್ಲ. ಜಿಪ್ ಫೈಲ್ ಬೇಡ, ಅನೇಕ ಕಂಪನಿಗಳ ಮೇಲ್ ಸರ್ವರ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಡ್ರೈವ್ ಲಿಂಕ್ ಕೊಡಲೇಬೇಕಾದರೆ ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಅನುಮತಿ ಕೇಳಿದರೆ ಅವರಿಗೂ ಅದೇ ಕಾಣುತ್ತದೆ.

ಉತ್ತರ ಬಾರದಿದ್ದರೆ ಏಳೆಂಟು ಕೆಲಸದ ದಿನ ಕಾಯಿರಿ. ಆಮೇಲೆ ಅದೇ ಮೇಲಿಗೆ ರಿಪ್ಲೈ ಮಾಡಿ, ಹಳೆಯ ಪತ್ರ ಕೆಳಗೇ ಇರುವಂತೆ, ಎರಡು ಸಾಲು ಬರೆಯಿರಿ: ‘ಈ ವಿನಂತಿಯನ್ನು ಮತ್ತೊಮ್ಮೆ ನಿಮ್ಮ ಗಮನಕ್ಕೆ ತರುತ್ತಿದ್ದೇನೆ. ಬೇರೆಯವರನ್ನು ಸಂಪರ್ಕಿಸಬೇಕಿದ್ದರೆ ದಯವಿಟ್ಟು ತಿಳಿಸಿ.’ ಎರಡನೆಯ ವಾಕ್ಯ ಅವರ ಕೆಲಸ ಹಗುರ ಮಾಡುತ್ತದೆ. ಹೌದು, ಇಲ್ಲ ಎನ್ನಲು ಪುರುಸೊತ್ತಿಲ್ಲದವರೂ ಒಂದು ಹೆಸರನ್ನು ಸೂಚಿಸಬಲ್ಲರು. ಅದಕ್ಕೂ ಮೌನವೇ ಉತ್ತರವಾದರೆ ಅಲ್ಲಿಗೆ ಬಿಡಿ, ಮುಂದಿನ ಕಂಪನಿಗೆ ಬರೆಯಿರಿ.

‘ಎಚ್‌ಆರ್ ಅವರನ್ನು ಸಂಪರ್ಕಿಸಿ’ ಎಂದು ಉತ್ತರ ಬಂದರೆ ಅದನ್ನು ನಿರಾಕರಣೆ ಎಂದುಕೊಳ್ಳಬೇಡಿ. ಮುಖ್ಯಸ್ಥರ ಆ ಮೇಲನ್ನೇ ಎಚ್‌ಆರ್‌ಗೆ ಫಾರ್ವರ್ಡ್ ಮಾಡಿ, ಮುಖ್ಯಸ್ಥರನ್ನೂ ಸಿಸಿಯಲ್ಲಿ ಸೇರಿಸಿ. ಹೊಸದಾಗಿ ಬರೆದರೆ ನೀವು ಮತ್ತೆ ಅಪರಿಚಿತರು. ಫಾರ್ವರ್ಡ್ ಮಾಡಿದರೆ ವಿಭಾಗವೇ ಕಳಿಸಿದವರು.

ಮಾತಾಡೋಣ ಎಂದು ಬಂದರೆ ಅದೇ ದಿನ ಉತ್ತರಿಸಿ, ನಿಮಗೆ ಬಿಡುವಿರುವ ಮೂರು ಹೊತ್ತುಗಳನ್ನು ದಿನಾಂಕ ಸಮೇತ ಬರೆಯಿರಿ. ಮಾತಿಗೆ ಕೂರುವಾಗ ಆ ಗ್ರಾಫ್ ಕಣ್ಣೆದುರಿಗಿರಲಿ. ‘ಉಳಿದ 4 ಗ್ರಾಂ ಯಾಕೆ ಹೋಗಲಿಲ್ಲ?’ ಎಂಬುದೇ ಬಹುಶಃ ಮೊದಲ ಪ್ರಶ್ನೆ. ತೂಕ ಹೇರಿ ಹಾಗೇ ಇಟ್ಟಾಗ ಲೋಡ್ ಸೆಲ್‌ನ ಲೋಹವೇ ನಿಧಾನಕ್ಕೆ ಬಗ್ಗುತ್ತಾ ಹೋಗುತ್ತದೆ, ಅದಕ್ಕೆ ಕ್ರೀಪ್ ಎನ್ನುತ್ತಾರೆ. ಉಷ್ಣತೆಯ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ. ಇದು ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ, ಉಷ್ಣತೆ ಏರದ ಕೋಣೆಯಲ್ಲಿ ಅದೇ ತೂಕವಿಟ್ಟು ಮತ್ತೊಮ್ಮೆ ಆರು ಗಂಟೆ ದಾಖಲಿಸಿ ನೋಡುತ್ತೇನೆ ಎನ್ನಿ. ಅವರ ಟೆಸ್ಟ್ ಬೆಂಚಿನಲ್ಲೂ ಅದನ್ನು ಬೇರ್ಪಡಿಸುವುದು ಹಾಗೆಯೇ.