ಶೇವ್ ಆದಮೇಲೆ ಮುಖ ಉರಿಯುವುದೇಕೆ, ಹೊಸಬರು ಮೊದಲು ಏನು ಕೊಳ್ಳಬೇಕು

ಮೊನ್ನೆ ಬೆಳಿಗ್ಗೆ ಮೊಮ್ಮಗ ಕತ್ತು ಹಿಡಿದುಕೊಂಡು ಬಚ್ಚಲುಮನೆಯಿಂದ ಹೊರಗೆ ಬಂದ. ಅವನು ಶೇವ್ ಮಾಡಿಕೊಳ್ಳಲು ಶುರು ಮಾಡಿ ಎರಡು ತಿಂಗಳಾಗಿರಬಹುದು. "ತಾತ, ಇದನ್ನ ಹಚ್ಚಿದ್ರೆ ಬೆಂಕಿ ಇಟ್ಟ ಹಾಗಾಗುತ್ತೆ. ಎಲ್ಲರಿಗೂ ಹೀಗೇನಾ?" ಎಂದು ಕೈಯಲ್ಲಿದ್ದ ಆಫ್ಟರ್‌ಶೇವ್ ಸೀಸೆ ತೋರಿಸಿದ. ದವಡೆಯ ಕೆಳಗೆ, ಕತ್ತಿನ ಎಡಗಡೆ, ಮೂರು ಬೆರಳು ಅಗಲ ಕೆಂಪಗೆ ಎದ್ದಿತ್ತು. ಕೆನ್ನೆಗೆ ಏನೂ ಆಗಿರಲಿಲ್ಲ. ಸೀಸೆ ಒಂದೇ, ಹಚ್ಚಿದ ಕೈ ಒಂದೇ. ಹೀಗಿದ್ದೂ ಕೆನ್ನೆ ಸುಮ್ಮನಿದ್ದು ಕತ್ತು ಮಾತ್ರ ಉರಿಯುತ್ತಿದೆ ಅಂದರೆ, ಆಫ್ಟರ್‌ಶೇವ್ ಬೀಳುವ ಮುಂಚೆಯೇ ಕತ್ತಿಗೆ ಏನೋ ಆಗಿದೆ ಎಂದರ್ಥ. ಅವನನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ಉರಿಯ ವಿಚಾರ. ರೇಜರ್ ಕೂದಲನ್ನಷ್ಟೇ ಕತ್ತರಿಸುತ್ತದೆ ಎಂದುಕೊಳ್ಳುತ್ತೇವೆ, ಆದರೆ ಅದು ಚರ್ಮದ ಮೇಲಿನ ತೆಳುವಾದ ಒಣಪದರವನ್ನೂ ಸ್ವಲ್ಪ ಹೆರೆದುಕೊಂಡೇ ಹೋಗುತ್ತದೆ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನದು ಒಳಗೆ ಇಳಿಯದಂತೆ ತಡೆಯುವ ಗೋಡೆಯೇ ಆ ಪದರ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತರಚುಗಳಾದ ಮೇಲೆ ಆಲ್ಕೋಹಾಲ್ ಸುರಿದರೆ ಅದು ನೇರವಾಗಿ ನರದ ತುದಿಗಳಿಗೆ ತಾಗುತ್ತದೆ. ಅಲ್ಲಿ ಬಿಸಿಯನ್ನು ಗುರುತಿಸುವ ಒಂದು ವ್ಯವಸ್ಥೆ ಇದೆ. ಮೆಣಸಿನಕಾಯಿಯ ಖಾರ ಉರಿಯಂತೆ ಅನ್ನಿಸುವುದೂ ಅದರಿಂದಲೇ. ಸಾಮಾನ್ಯವಾಗಿ ಅದು ಎಚ್ಚರಗೊಳ್ಳುವುದು ಸುಮಾರು 42 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದಾಗ. ಆಲ್ಕೋಹಾಲ್ ತಾಗಿದರೆ ಈ ಮಿತಿ ಸುಮಾರು 34 ಡಿಗ್ರಿಗೆ ಇಳಿದುಬಿಡುತ್ತದೆ. ನಮ್ಮ ಚರ್ಮದ ಸಹಜ ಬಿಸಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹಾಗಾಗಿ ಏನೂ ಸುಡದಿದ್ದರೂ, ನಮ್ಮದೇ ಮೈ ಬಿಸಿಯನ್ನು ನರಗಳು ಸುಡುವ ಬಿಸಿ ಎಂದು ಮಿದುಳಿಗೆ ತಿಳಿಸುತ್ತವೆ. ಆಮೇಲೆ ಆಲ್ಕೋಹಾಲ್ ಆರುತ್ತಾ ಚರ್ಮದ ಶಾಖವನ್ನು ಎಳೆದುಕೊಳ್ಳುವುದರಿಂದ ತಂಪು ಅನ್ನಿಸುತ್ತದೆ. ಅದೂ ಮುಗಿದ ಮೇಲೆ ಮುಖ ಬಿಗಿದುಕೊಳ್ಳುತ್ತದೆ, ಏಕೆಂದರೆ ಚರ್ಮದ ಮೇಲಿದ್ದ ಎಣ್ಣೆಯಂಶವನ್ನು ಅದು ಕರಗಿಸಿರುತ್ತದೆ. ಉರಿ, ತಂಪು, ಬಿಗಿತ, ಈ ಮೂರೂ ಒಂದರ ಹಿಂದೆ ಒಂದು ಬಂದವೆಂದರೆ ಕೈಯಲ್ಲಿರುವುದು ಆಲ್ಕೋಹಾಲೇ ಹೆಚ್ಚಿರುವ ಸೀಸೆ.

ಉರಿದರೆ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ನನ್ನ ವಯಸ್ಸಿನವರಲ್ಲಿ ಬಲವಾಗಿತ್ತು. ಗಾಯಕ್ಕೆ ಔಷಧಿ ಹಾಕಿದರೆ ಉರಿಯುತ್ತದೆ, ಇದೂ ಹಾಗೇ ಎಂದುಕೊಂಡಿದ್ದೆವು. ಬ್ಲೇಡು ಚೊಕ್ಕಟವಾಗಿದ್ದು, ಮುಖ ತೊಳೆದ ನೀರು ಶುದ್ಧವಾಗಿದ್ದರೆ ದಿನದ ಶೇವಿಂಗ್ ಆದಮೇಲೆ ಕ್ರಿಮಿನಾಶಕದ ಅಗತ್ಯ ಬೀಳುವುದಿಲ್ಲ. ಆದರೆ ಉರಿ ಒಂದು ವಿಷಯ ಮಾತ್ರ ಸರಿಯಾಗಿ ಹೇಳುತ್ತದೆ. ಮುಖದ ತುಂಬ ಒಂದೇ ಸಮ ಐದಾರು ಸೆಕೆಂಡು ಚುರ್ ಎಂದು ನಿಂತುಹೋದರೆ ಅದು ಆಲ್ಕೋಹಾಲಿನ ಗುಣ. ಒಂದೇ ಜಾಗದಲ್ಲಿ, ಅರ್ಧ ನಿಮಿಷ ಕಳೆದರೂ ಬಿಡದೆ ಉರಿದರೆ, ಅಲ್ಲಿ ನೀವು ಹೆಚ್ಚು ಹೆರೆದಿದ್ದೀರಿ.

ಆದ್ದರಿಂದ ಹೊಸಬರು ದುಡ್ಡು ಹಾಕುವಾಗ ಆಫ್ಟರ್‌ಶೇವ್ ಕೊನೆಗಿರಲಿ, ಕ್ರೀಮ್ ಮೊದಲಿರಲಿ. ಕ್ರೀಮಿನ ಕೆಲಸ ಎರಡು: ಕೂದಲಿನಲ್ಲಿ ನೀರನ್ನು ಹಿಡಿದಿಡುವುದು, ಬ್ಲೇಡು ಜಾರುವಂತೆ ಮಾಡುವುದು. ಒಣ ಗಡ್ಡ ತಂತಿಯ ಹಾಗೆ ಗಡುಸು. ಎರಡು ಮೂರು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆದರೆ ಅದೇ ಕೂದಲು ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಸ್ನಾನ ಮುಗಿದ ತಕ್ಷಣ ಶೇವ್ ಮಾಡುವುದು ಒಳ್ಳೆಯದು. ಡಬ್ಬಿಯಿಂದ ಬುಸ್ಸೆಂದು ಬರುವ ಫೋಮ್ ನೋಡಲು ದಪ್ಪ, ಆದರೆ ಅದರಲ್ಲಿ ಬಹುಪಾಲು ಗಾಳಿ. ಕೈಯಲ್ಲಿ ಹಿಂಡಿದರೆ ಏನೂ ಉಳಿಯುವುದಿಲ್ಲ. ಕಲಿಯುವವರಿಗೆ ಟ್ಯೂಬಿನ ಕ್ರೀಮು ಮತ್ತು ಒಂದು ಮೆತ್ತನೆ ಬ್ರಷ್ ಸಾಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀರು ಎಷ್ಟು ಬೇಕು ಎಂಬುದು ಕೈಗೆ ತಿಳಿಯುವುದು ಅದರಲ್ಲೇ.

ಕಿರುಬೆರಳಿನ ಉಗುರಿನಷ್ಟು ಕ್ರೀಮ್ ತೆಗೆದುಕೊಳ್ಳಿ. ನೆನೆಸಿ ಒಂದು ಸಲ ಕೊಡವಿದ ಬ್ರಷ್ಷಿನಿಂದ ಮುಖದ ಮೇಲೇ ಸುತ್ತಿಸಿ. ಮೊದಲು ಅಂಟಂಟಾದ ಬಿಳಿ ಲೇಪ ಬರುತ್ತದೆ. ತುಂಬ ಜನ ಅಲ್ಲಿಗೇ ನಿಲ್ಲಿಸಿ ರೇಜರ್ ಎತ್ತಿಕೊಳ್ಳುತ್ತಾರೆ, ಮೊಮ್ಮಗನೂ ಹಾಗೇ ಮಾಡುತ್ತಿದ್ದ. ಬ್ರಷ್ಷಿನ ತುದಿಯನ್ನು ನೀರಿಗೆ ತಾಗಿಸಿ ಮತ್ತೆ ಸುತ್ತಿಸಿ, ಇನ್ನೊಮ್ಮೆ ತಾಗಿಸಿ ಸುತ್ತಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ ನೊರೆಗೆ ಗಟ್ಟಿ ಮೊಸರಿನ ಹೊಳಪು ಬರುತ್ತದೆ. ಎರಡು ಬೆರಳ ನಡುವೆ ಉಜ್ಜಿದರೆ ತಡೆಯಿಲ್ಲದೆ ಜಾರಬೇಕು. ಮೇಲೆ ದೊಡ್ಡ ಗುಳ್ಳೆಗಳು ಕಂಡು ನೊರೆ ಕೆಳಗೆ ಇಳಿದರೆ ನೀರು ಹೆಚ್ಚಾಗಿದೆ. ಬ್ಲೇಡು ಹೋದ ದಾರಿಯಲ್ಲಿ ಒಣಗಿದ ಬಿಳಿ ಗೆರೆ ಉಳಿದರೆ ಕಡಿಮೆಯಾಗಿದೆ.

ಕ್ರೀಮ್ ಆರಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಗ್ಲಿಸರಿನ್ ಮೊದಲ ಸಾಲುಗಳಲ್ಲೇ ಇರಲಿ, ತೇವ ಹಿಡಿದಿಡುವುದು ಅದು. ಮೆಂಥಾಲ್ ಸದ್ಯಕ್ಕೆ ಬೇಡ. ಮೆಂಥಾಲಿನ ತಂಪಿನಲ್ಲಿ ರೇಜರ್ ಎಷ್ಟು ಒತ್ತುತ್ತಿದೆ ಎಂಬುದು ಸರಿಯಾಗಿ ಗೊತ್ತಾಗುವುದಿಲ್ಲ, ಕಲಿಯುವಾಗ ಅದು ಗೊತ್ತಾಗಲೇಬೇಕು. ರೇಜರಿಗೆ ಹೊಂದುವುದೂ ಮುಖ್ಯ. ಎಣ್ಣೆ ಜಾಸ್ತಿಯಿರುವ, ಅಂಟುವ ಜೆಲ್ ಹಚ್ಚಿದರೆ ಒತ್ತೊತ್ತಾಗಿ ಬ್ಲೇಡುಗಳಿರುವ ರೇಜರಿನ ಸಂದಿಯಲ್ಲಿ ಕೂದಲ ಸಮೇತ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ರೇಜರ್ ಸರಿಯಾಗಿ ಕತ್ತರಿಸುವುದಿಲ್ಲ, ಕೈ ತಾನಾಗಿ ಒತ್ತುತ್ತದೆ, ಚರ್ಮ ತರಚುತ್ತದೆ. ಒಂದು ಎಳೆತ ಆದಮೇಲೆ ನೀರಿನಡಿ ಹಿಡಿದರೆ ನೊರೆ ಪೂರ್ತಿ ಬಿಟ್ಟುಹೋಗಬೇಕು, ಅಂಥ ಕ್ರೀಮೇ ಸರಿ. ಎರಡು ಬ್ಲೇಡಿನ ರೇಜರ್ ಆರಂಭಕ್ಕೆ ಧಾರಾಳ ಸಾಕು. ಬ್ಲೇಡುಗಳು ಹೆಚ್ಚಾದಷ್ಟೂ ಒಂದು ಎಳೆತಕ್ಕೇ ಚರ್ಮದ ಮೇಲೆ ಹೆಚ್ಚು ಸಲ ಹಾಯುತ್ತವೆ, ಗುಂಗುರು ಗಡ್ಡದವರಿಗೆ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಯಾಗುವ ಸಂಭವವೂ ಹೆಚ್ಚು. ಐದರಿಂದ ಏಳು ಶೇವ್ ಆದಮೇಲೆ ಬ್ಲೇಡು ಬದಲಿಸಿ, ಕೂದಲು ಎಳೆದಂತೆ ಅನ್ನಿಸಿದರೆ ಇನ್ನೂ ಮುಂಚೆಯೇ.

ಇನ್ನು ಮೊಮ್ಮಗನ ಕತ್ತಿಗೆ ಬರೋಣ. ಎರಡು ದಿನ ಶೇವ್ ಮಾಡಬೇಡ ಎಂದೆ. ಕೂಳೆ ಬೆಳೆದ ಮೇಲೆ ಕನ್ನಡಿ ಮುಂದೆ ನಿಲ್ಲಿಸಿ, ಬೆರಳಲ್ಲಿ ಸವರಿ ನೋಡಿಕೊಳ್ಳಲು ಹೇಳಿದೆ. ನುಣ್ಣಗೆ ಅನ್ನಿಸಿದ ದಿಕ್ಕು ಕೂದಲು ಬೆಳೆಯುವ ದಿಕ್ಕು, ಒರಟಾಗಿ ತಡೆದದ್ದು ಎದುರು ದಿಕ್ಕು. ಕೆನ್ನೆಯಲ್ಲಿ ಕೂದಲು ಕೆಳಮುಖವಾಗಿತ್ತು. ಕತ್ತಿನ ಎಡಗಡೆ ಮಾತ್ರ ಕೆಳಗಿನಿಂದ ಮೇಲಕ್ಕೆ, ಕಿವಿಯ ಕಡೆಗೆ ಓರೆಯಾಗಿ ಬೆಳೆದಿತ್ತು. ಅವನು ಕೆನ್ನೆಯಿಂದ ಕತ್ತಿನವರೆಗೆ ಒಂದೇ ಸಮ ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದ. ಅಂದರೆ ಕತ್ತಿನಲ್ಲಿ ದಿನವೂ ಎದುರು ಹೆರೆತ, ಅದೂ ಒಣ ನೊರೆಯ ಮೇಲೆ, ಹೋಗಲಿಲ್ಲವೆಂದು ಮತ್ತೆ ಮತ್ತೆ ಅದೇ ಜಾಗಕ್ಕೆ.

ಒಂದು ವಾರ ಆಫ್ಟರ್‌ಶೇವ್ ಮುಟ್ಟಬೇಡ, ದಿನ ಬಿಟ್ಟು ದಿನ ಮಾತ್ರ ಶೇವ್ ಮಾಡು ಎಂದೆ. ಕತ್ತಿಗೆ ಮೇಲ್ಮುಖವಾಗಿ ಒಂದೇ ಎಳೆತ, ಉಳಿದದ್ದು ಉಳಿಯಲಿ. ಮತ್ತೊಮ್ಮೆ ಎಳೆಯಲೇಬೇಕಿದ್ದರೆ ನೊರೆ ಹಚ್ಚಿಯೇ. ಕೊನೆಗೆ ತಣ್ಣೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸುವುದು. ನಾಲ್ಕನೇ ಶೇವ್ ಹೊತ್ತಿಗೆ ಕೆಂಪು ಇಳಿದಿತ್ತು. ಆಮೇಲೆ ಅದೇ ಹಳೆಯ ಸೀಸೆಯಿಂದ ಎರಡು ಹನಿ ಹಚ್ಚಿ ನೋಡಿದ. ಚುರ್ ಎಂದಿತು, ಐದು ಎಣಿಸುವಷ್ಟರಲ್ಲಿ ಹೋಯಿತು, ಕೆನ್ನೆಯಲ್ಲೂ ಕತ್ತಿನಲ್ಲೂ ಒಂದೇ ಥರ. "ಇಷ್ಟೇನಾ ತಾತ?" ಎಂದ.

ಹಾಗಿದ್ದರೂ ಅವನಿಗೆ ಆ ಸೀಸೆ ಬೇಡವೆಂದೇ ಹೇಳಿದೆ. ದಿನವೂ ಎಣ್ಣೆಯಂಶ ಕರಗಿಸಿಕೊಂಡು ಮುಖ ಒಣಗಿಸಿಕೊಳ್ಳುವುದೇಕೆ? ಹೊಸಬರಿಗೆ ಬಾಮ್ ಹೊಂದುತ್ತದೆ. ಅದು ನೀರಿನಂತಿರದೆ ತೆಳು ಲೋಷನ್ನಿನ ಹಾಗಿರುತ್ತದೆ. ಕೊಳ್ಳುವಾಗ ಮತ್ತೆ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ಪ್ರಮಾಣದಲ್ಲಿರುವುದನ್ನು ಮೊದಲು ಬರೆಯುತ್ತಾರೆ. ಆಲ್ಕೋಹಾಲ್ ಡಿನ್ಯಾಟ್, ಎಸ್‌ಡಿ ಆಲ್ಕೋಹಾಲ್, ಎಥನಾಲ್, ಇವುಗಳಲ್ಲೊಂದು ಮೊದಲ ಎರಡು ಮೂರರಲ್ಲಿ ಕಂಡರೆ ಅದು ಉರಿಸುವಂಥದ್ದು. ಸೀಟೈಲ್ ಆಲ್ಕೋಹಾಲ್, ಸ್ಟಿಯರಿಲ್ ಆಲ್ಕೋಹಾಲ್ ಎಂದಿದ್ದರೆ ಹೆದರಬೇಡಿ. ಹೆಸರಲ್ಲಿ ಆಲ್ಕೋಹಾಲ್ ಇದ್ದರೂ ಅವು ಮೇಣದಂಥ ಮೆತ್ತನೆ ಪದಾರ್ಥ, ಚರ್ಮವನ್ನು ನಯವಾಗಿಡುತ್ತವೆ. ಈ ಗೊಂದಲದಿಂದಲೇ ಒಳ್ಳೆಯ ಬಾಮನ್ನು ವಾಪಸ್ ಇಟ್ಟು ಬಂದವರನ್ನು ಕಂಡಿದ್ದೇನೆ.

ಆಲ್ಕೋಹಾಲ್ ಇಲ್ಲದಿದ್ದರೂ ಕೆಲವರಿಗೆ ಪರಿಮಳದ ಪದಾರ್ಥ ಆಗಿಬರುವುದಿಲ್ಲ. ಇದರ ಗುರುತು ಬೇರೆ: ಹಚ್ಚಿದ ತಕ್ಷಣ ಉರಿಯದಿದ್ದರೂ, ಕೆಲವು ಗಂಟೆ ಅಥವಾ ಒಂದೆರಡು ದಿನ ಕಳೆದು ನವೆ, ಸಣ್ಣ ಸಣ್ಣ ದದ್ದು. ಅದಕ್ಕೇ ಹೊಸದನ್ನು ಮುಖಕ್ಕೆ ಹಚ್ಚುವ ಮುಂಚೆ ಮೊಣಕೈ ಒಳಮಡಿಕೆಯಲ್ಲಿ ಮೂರು ನಾಲ್ಕು ದಿನ ಹಚ್ಚಿ ನೋಡಬೇಕು. ಮೊಡವೆಗೆ ರಾತ್ರಿ ಮುಲಾಮು ಹಚ್ಚುವ ಹುಡುಗರಿಗೆ ಇನ್ನೊಂದು ಮಾತು. ಅಂಥ ಕೆಲವು ಮುಲಾಮುಗಳು ಚರ್ಮವನ್ನು ಒಣಗಿಸಿ ಸೂಕ್ಷ್ಮ ಮಾಡುತ್ತವೆ, ಆಗ ಕೈ ಎಷ್ಟೇ ಹಗುರವಾಗಿದ್ದರೂ ಆಲ್ಕೋಹಾಲ್ ಉರಿಸುತ್ತದೆ. ಅವರು ಪರಿಮಳವಿಲ್ಲದ ಬಾಮ್ ಮಾತ್ರ ಹಚ್ಚಲಿ.

ಬ್ಲೇಡು ತಾಗಿ ರಕ್ತ ಬಂದ ಕಡೆಗೆ ಪಟಿಕದ ತುಂಡನ್ನು ನೆನೆಸಿ ಕೆಲವು ಸೆಕೆಂಡು ಒತ್ತಿ ಹಿಡಿದರೆ ನಿಲ್ಲುತ್ತದೆ. ಅದೂ ಚುರುಗುಡುತ್ತದೆ, ಮುಖಕ್ಕೆಲ್ಲ ಉಜ್ಜಿಕೊಳ್ಳುವುದು ಬೇಡ. ಕೀವು ತುಂಬಿದ ಗುಳ್ಳೆಗಳು ಎದ್ದು, ವಾರ ಎರಡು ವಾರ ಶೇವ್ ನಿಲ್ಲಿಸಿದರೂ ಹೋಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಮೊಮ್ಮಗ ಈಗ ಬಾಮನ್ನು ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಮುಖ ಇನ್ನೂ ತುಸು ಒದ್ದೆಯಿರುವಾಗಲೇ ಕತ್ತಿನಿಂದ ಶುರು ಮಾಡಿ ಹಚ್ಚುತ್ತಾನೆ. ಕತ್ತಿನ ಎಡಗಡೆಗೆ ರೇಜರ್ ಇಡುವ ಮುಂಚೆ ಒಂದು ಸಲ ಬೆರಳಾಡಿಸಿ ದಿಕ್ಕು ನೋಡಿಕೊಳ್ಳುವುದನ್ನೂ ಬಿಟ್ಟಿಲ್ಲ.