ಸೊಂಟ ಉಳುಕಿದಾಗ ತುಂಬಿದ ಕೊಡ ಎತ್ತುವುದು ಹೇಗೆ?

‘ಬೆನ್ನು ಬಗ್ಗಿಸಬೇಡಿ, ಮಂಡಿ ಮಡಚಿ ಎತ್ತಿ’ ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದನ್ನೇ ನಂಬಿ ಎರಡೂ ಕಾಲು ಜೋಡಿಸಿ, ಕೊಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಎತ್ತುವವರನ್ನು ತುಂಬಾ ನೋಡಿದ್ದೇನೆ. ಮಂಡಿ ಅಡ್ಡ ಬಂದು ಕೊಡ ಇನ್ನೂ ದೂರವಾಗುತ್ತದೆ. ಕೈ ಚಾಚಿ ಎಳೆದು ಏಳುವಷ್ಟರಲ್ಲಿ ಸೊಂಟ ಮತ್ತೆ ಹಿಡಿದುಕೊಂಡಿರುತ್ತದೆ. ಮಂಡಿಗಿಂತ ಮುಖ್ಯವಾದದ್ದು ಕೊಡ ಮೈಗೆ ಎಷ್ಟು ಹತ್ತಿರ ಇದೆ ಅನ್ನುವುದು.

ಲೆಕ್ಕ ನೋಡಿ. ಕೊಡದಲ್ಲಿ 15 ಲೀಟರ್ ನೀರಿದ್ದರೆ ನೀರಿನದೇ 15 ಕೆಜಿ ಆಯಿತು. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಗಳ ನಡುವಿನ ಡಿಸ್ಕಿನಿಂದ ಹಿಂದಕ್ಕೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ, ಅಷ್ಟೇ. ಕೊಡ 50 ಸೆಂಟಿಮೀಟರ್ ಮುಂದಿದ್ದರೆ ಅವು ಹತ್ತು ಪಟ್ಟು, ಅಂದರೆ 150 ಕೆಜಿಯಷ್ಟು ಎಳೆಯಬೇಕು. ಕೊಡವನ್ನು 25 ಸೆಂಟಿಮೀಟರಿಗೆ ತಂದರೆ ಅದು 75ಕ್ಕೆ ಇಳಿಯುತ್ತದೆ. ಬಗ್ಗಿದ ಮೈಯ ಭಾರ ಇದರ ಮೇಲೆ ಬೇರೆ.

ಮೊದಲನೆಯದು, ಕೊಡವನ್ನು ನೆಲದ ಮೇಲಿಟ್ಟು ತುಂಬಿಸಲೇಬೇಡಿ. ಮಂಡಿಗಿಂತ ಸ್ವಲ್ಪ ಎತ್ತರದ ಗಟ್ಟಿ ಸ್ಟೂಲಿನ ಮೇಲಿಟ್ಟು ತುಂಬಿಸಿ. ನಲ್ಲಿ ತಗ್ಗಿನಲ್ಲಿದ್ದರೆ ಒಂದು ತುಂಡು ಪೈಪು ಹಾಕಿಕೊಳ್ಳಿ. ಆಗ ಅರ್ಧ ಬಗ್ಗುವುದೇ ತಪ್ಪುತ್ತದೆ.

ಎರಡನೆಯದು, ಭಾರ ಹಂಚಿಕೊಳ್ಳಿ. 15 ಲೀಟರನ್ನು ಒಂದೇ ಕಂಕುಳಲ್ಲಿ ಹೊತ್ತರೆ ಮೈ ಒಂದು ಕಡೆ ವಾಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಲು ಇನ್ನೊಂದು ಬದಿಯ ಸ್ನಾಯುಗಳು ಬಿಗಿಯುತ್ತವೆ. ಅದೇ ನೀರನ್ನು ಎರಡು ಕ್ಯಾನ್‌ಗಳಲ್ಲಿ ಏಳೂವರೆ ಲೀಟರಿನಂತೆ ಹಂಚಿ, ಕೈಗೊಂದು ಹಿಡಿದರೆ ಬೆನ್ನು ತಾನಾಗಿಯೇ ನೆಟ್ಟಗಿರುತ್ತದೆ. ಬಾಯಿ ತೆರೆದ ಕೊಡ ಅರ್ಧ ತುಂಬಿದ್ದರೆ ನೀರು ತುಳುಕಿ ಸೊಂಟವನ್ನು ಎಳೆದಾಡುತ್ತದೆ. ಮುಚ್ಚಳದ ಕ್ಯಾನೇ ವಾಸಿ. ತೆಳು ತಂತಿ ಹಿಡಿಯ ಕ್ಯಾನ್ ಮಾತ್ರ ಬೇಡ. ಬೆರಳು ಕೊಯ್ಯುತ್ತಿದ್ದಂತೆ ಮೈ ತಿರುಚಿಕೊಳ್ಳುತ್ತೇವೆ, ಅಲ್ವಾ?

ಈಗ ಎತ್ತುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ನೆಲದಿಂದಲೇ ಎತ್ತಬೇಕಾಗಿ ಬಂದರೆ ಕೊಡದ ಹಿಂದೆ ನಿಲ್ಲಬೇಡಿ, ಅದರ ಎರಡೂ ಪಕ್ಕಕ್ಕೆ ಒಂದೊಂದು ಕಾಲಿಟ್ಟು ನಿಲ್ಲಿ. ಪಾದಗಳು ಸ್ವಲ್ಪ ಹೊರಮುಖವಾಗಿರಲಿ. ಈಗ ಹಿಂದೆ ಇರುವ ಕುರ್ಚಿಯಲ್ಲಿ ಕೂರುವವರ ಹಾಗೆ ಸೊಂಟವನ್ನು ಹಿಂದಕ್ಕೆ ತಳ್ಳಿ. ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ. ಪೂರ್ತಿ ಕುಕ್ಕರಿಸುವುದು ಬೇಕಿಲ್ಲ. ಒಂದು ಕೈ ಕೊಡದ ಕಂಠಕ್ಕೆ, ಇನ್ನೊಂದು ಕೈ ತಳಕ್ಕೆ. ಎತ್ತುವ ಮುಂಚೆ ಕೊಡವನ್ನು ಹೊಟ್ಟೆಯ ಕಡೆಗೆ ವಾಲಿಸಿಕೊಳ್ಳಿ. ಸೀರೆ, ಅಂಗಿ ಒದ್ದೆಯಾಗುತ್ತದೆಂದು ದೂರ ಹಿಡಿಯುವುದೇ ದೊಡ್ಡ ತಪ್ಪು. ಒದ್ದೆಯಾಗಲಿ ಬಿಡಿ. ಹೊಟ್ಟೆಯನ್ನು ಸ್ವಲ್ಪ ಬಿಗಿಮಾಡಿ, ಉಸಿರು ಬಿಡುತ್ತಾ ಪಾದದಿಂದ ನೆಲವನ್ನು ಒತ್ತಿ ಏಳಿ. ನೆಟ್ಟಗೆ ನಿಂತ ಮೇಲೆ ಒಂದು ಕ್ಷಣ ತಡೆಯಿರಿ.

ಆಮೇಲೆ ತಿರುಗುವುದು. ಸೊಂಟ ತಿರುಚಿ ಕೊಡವನ್ನು ಪಕ್ಕದ ಕಟ್ಟೆಗೆ ಇಡಬೇಡಿ. ಬಗ್ಗುವುದು, ಭಾರ, ತಿರುಚುವುದು, ಈ ಮೂರೂ ಒಟ್ಟಿಗೆ ಬಂದಾಗಲೇ ಉಳುಕು ಕೆರಳುವುದು ಜಾಸ್ತಿ. ಸಣ್ಣ ಹೆಜ್ಜೆ ಹಾಕಿ ಪಾದ ತಿರುಗಿಸಿ, ಎದೆ ಕಟ್ಟೆಯ ಎದುರಿಗೆ ಬಂದ ಮೇಲೆ ಇಡಿ. ಕಟ್ಟೆ ಎತ್ತರವಿದ್ದರೆ ನಡುವೆ ಸ್ಟೂಲಿನ ಮೇಲೆ ಒಮ್ಮೆ ಇಳಿಸಿ.

ಬೆಳಿಗ್ಗೆ ಎದ್ದ ಕೂಡಲೇ ನೀರು ಹೊರಬೇಡಿ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಗ್ಗಿದರೆ ಒತ್ತಡ ಜಾಸ್ತಿ. ಒಂದು ಗಂಟೆ ಓಡಾಡಿಕೊಂಡಿದ್ದು ಆಮೇಲೆ ಹೊರಿ. ಸೊಂಟದ ಬೆಲ್ಟ್ ಕಟ್ಟಿಕೊಂಡರೆ ಎಷ್ಟು ಬೇಕಾದರೂ ಎತ್ತಬಹುದು ಅಂದುಕೊಳ್ಳಬೇಡಿ. ಅದು ಭಾರವನ್ನು ಕಡಿಮೆ ಮಾಡುವುದಿಲ್ಲ, ಸುಮ್ನೆ ಧೈರ್ಯ ಕೊಡುತ್ತದೆ.

ಎತ್ತಿದ ಮೇಲೆ ಸೊಂಟದಲ್ಲಿ ಸ್ವಲ್ಪ ಬಿಗಿತ ಬಂದು ಮರುದಿನಕ್ಕೆ ಇಳಿದರೆ ಪರವಾಗಿಲ್ಲ. ನೋವು ಕಾಲಿಗೆ ಇಳಿದರೆ ಎತ್ತುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಪಾದ ಸೋತರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ.

ಗ್ಯಾಸ್ ಸಿಲಿಂಡರ್ ಮಾತೇ ಬೇರೆ. ಒಳಗಿನ ಗ್ಯಾಸ್ 14.2 ಕೆಜಿ, ಕಬ್ಬಿಣದ್ದೂ ಹೆಚ್ಚುಕಡಿಮೆ ಅಷ್ಟೇ. ಅರ್ಧ ಮಾಡಲಾಗದ 30 ಕೆಜಿ ಇದು. ಸೊಂಟ ಉಳುಕಿದವರು ಎತ್ತಲೇಬಾರದು. ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ. ಮೇಲಿನ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಸು ವಾಲಿಸಿ, ತಳದ ಬಳೆಯ ಅಂಚಿನ ಮೇಲೆ ತಿರುಗಿಸುತ್ತಾ ಸಾಗಿಸಿ. ಅಡ್ಡ ಮಲಗಿಸಬೇಡಿ. ಹೊಸ್ತಿಲು ದಾಟಿಸಲು ಇಬ್ಬರು ಬೇಕೇ ಬೇಕು. ಟ್ರಾಲಿ ಕೊಳ್ಳುವುದಾದರೆ ಅಗಲ ತಳದ್ದು, ಗಟ್ಟಿ ಚಕ್ರದ್ದು ನೋಡಿ ಕೊಳ್ಳಿ. ಅಗ್ಗದ ಪ್ಲಾಸ್ಟಿಕ್ ಚಕ್ರ ಒಡೆದರೆ ವಾಲುವ ಸಿಲಿಂಡರನ್ನು ಹಿಡಿಯಲು ಹೋಗಿ ಸೊಂಟ ಮತ್ತೆ ಉಳುಕುತ್ತದೆ.