ದುಡ್ಡು ಕಟ್ ಆದ ಮೆಸೇಜ್ ಬಂದರೆ ಮೂರು ದಿನದ ಲೆಕ್ಕ ಹೀಗೆ

ಗದಗಿನ ನಮ್ಮ ಗುಂಪಿನವರಿಗೆ ಒಂದು ಮಾತು. ನೀವು ಮಾಡದ ಕಾರ್ಡ್ ಅಥವಾ ಯುಪಿಐ ವ್ಯವಹಾರಕ್ಕೆ ದುಡ್ಡು ಹೋದರೆ, ಯಾವತ್ತು ದೂರು ಕೊಟ್ಟಿರಿ ಅನ್ನೋದರ ಮೇಲೆ ನಷ್ಟ ಯಾರದ್ದು ಅಂತ ತೀರ್ಮಾನ ಆಗುತ್ತದೆ. ಆರ್‌ಬಿಐ 2017ರಲ್ಲೇ ಈ ನಿಯಮ ತಂದಿದೆ.

ಎರಡನೇ ಶನಿವಾರದ ಹಿಂದಿನ ದಿನ, ಅಂದರೆ ಶುಕ್ರವಾರ ಸಂಜೆ, ನಿಮ್ಮ ಉಳಿತಾಯ ಖಾತೆಯಿಂದ 18,000 ರೂಪಾಯಿ ಹೋದ ಮೆಸೇಜ್ ಬಂತು ಅನ್ನಿ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ಶನಿವಾರ, ಭಾನುವಾರ ಬ್ಯಾಂಕ್ ರಜೆ. ಸೋಮವಾರ ಒಂದನೇ ದಿನ, ಬುಧವಾರ ಮೂರನೇ ದಿನ. ಅಷ್ಟರೊಳಗೆ ತಿಳಿಸಿದರೆ ನಿಮ್ಮ ನಷ್ಟ ಸೊನ್ನೆ. ಗುರುವಾರ ತಿಳಿಸಿದರೆ 10,000 ನಿಮ್ಮ ತಲೆಗೆ, ಉಳಿದ 8,000 ಬ್ಯಾಂಕಿಗೆ. ಏಳು ಕೆಲಸದ ದಿನ ದಾಟಿದರೆ ಆಯಾ ಬ್ಯಾಂಕಿನ ನಿಯಮದಂತೆ.

ಹಾಗಂತ ಬುಧವಾರದವರೆಗೆ ಸುಮ್ನೆ ಕೂರಬೇಡಿ. ಶುಕ್ರವಾರವೇ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಕಾರ್ಡ್, ಯುಪಿಐ ಬ್ಲಾಕ್ ಮಾಡಿಸಿ. ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ಕಳ್ಳರಿದ್ದಾರೆ. ಕಾರ್ಡಿನ ಹಿಂದೆಯೇ ಇರುತ್ತದೆ ಅಲ್ವಾ? ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಳ್ಳನ ಖಾತೆಯಲ್ಲಿ ದುಡ್ಡು ಇನ್ನೂ ಇದ್ದರೆ ತಡೆಹಿಡಿಯಬಹುದು.

ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ತಾರೀಖಿನ ಜಗಳ ಬಂದಾಗ ಅದೇ ಸಾಕ್ಷಿ. ದೂರು ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು.

ಒಟಿಪಿ, ಪಿನ್ ನೀವೇ ಹೇಳಿದ್ದರೆ ಈ ಮೂರು ದಿನದ ರಕ್ಷಣೆ ಇಲ್ಲ. ಆದರೂ ದೂರು ಕೊಟ್ಟ ನಂತರ ಹೋಗುವ ದುಡ್ಡು ಬ್ಯಾಂಕಿನ ಹೊಣೆ.